ರೈನ್ ದಡದಲ್ಲಿ ತಂಗಿದ್ದು, ಜರ್ಮನ್‌ನಲ್ಲಿ ಬರೆದದ್ದು

ರೈನ್ ನದಿ ಬಿಂಗೆನ್ ದಾಟಿ ಕೊಬ್ಲೆನ್ಸ್ ಕಡೆಗೆ ತಿರುಗಿದ ಮೇಲೆ ಎರಡೂ ದಡದ ಬೆಟ್ಟಗಳು ಒತ್ತಿಕೊಂಡು ಬರುತ್ತವೆ. ಇಳಿಜಾರಿನ ತುಂಬ ದ್ರಾಕ್ಷಿ ತೋಟ, ನೆತ್ತಿಯ ಮೇಲೆ ಕೋಟೆ, ಬುಡದಲ್ಲಿ ಊರು. ಸುಮಾರು 65 ಕಿಲೋಮೀಟರ್ ಉದ್ದದ ಈ ಕಣಿವೆ 2002ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ನದಿಯ ಜೊತೆಗೆ ದಡಕ್ಕೊಂದು ಹೆದ್ದಾರಿ, ದಡಕ್ಕೊಂದು ರೈಲು ಮಾರ್ಗ ಸಾಗಬೇಕು. ಎಡದಂಡೆಯಲ್ಲಿ ಹೆಚ್ಚಾಗಿ ಪ್ರಯಾಣಿಕರ ಗಾಡಿಗಳು, ಬಲದಂಡೆಯಲ್ಲಿ ಹೆಚ್ಚಾಗಿ ಗೂಡ್ಸ್ ಗಾಡಿಗಳು. ಆಚೆ ದಡದ ಗೂಡ್ಸ್ ಗಾಡಿಯ ಸದ್ದು ನೀರಿನ ಮೇಲೆ ಹಾದು ಬಂದು ಈಚೆಯ ಬೆಟ್ಟಕ್ಕೆ ಬಡಿದು ಮತ್ತೆ ಕೇಳಿಸುತ್ತದೆ. ಇಲ್ಲಿ ಉಳಿದುಕೊಳ್ಳುವವರಿಗೆ ಈ ಕಣಿವೆಯ ಚೆಲುವೂ ಅದರ ತೊಂದರೆಯೂ ಒಂದೇ ಕಿಟಕಿಯಿಂದ ಒಳಗೆ ಬರುತ್ತವೆ.

ನಾನೂ ನನ್ನ ಹೆಂಡತಿಯೂ ಉಳಿದದ್ದು ಬಾಖಾರಾಖ್ ಎಂಬ ಊರಿನಲ್ಲಿ, ಎಡದಂಡೆಯ ಮೇಲೆ. ಮೈಂಜ್‌ನಿಂದ ರೈಲಿನಲ್ಲಿ ಬಂದರೆ ಒಂದು ಗಂಟೆಯೊಳಗೆ ತಲುಪಬಹುದು. ಸ್ಟೇಷನ್ನಿನಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿದರೆ ಹಳೆಯ ಊರು ಶುರುವಾಗುತ್ತದೆ. ಮರದ ಚೌಕಟ್ಟಿನ ನಡುವೆ ಮಣ್ಣು ಮೆತ್ತಿ ಸುಣ್ಣ ಬಳಿದ ಮನೆಗಳು, ಅವುಗಳಲ್ಲಿ 1368ರ ಕಾಲದ್ದೆಂದು ಹೇಳುವ ‘ಆಲ್ಟೆಸ್ ಹೌಸ್’ ಎಂಬ ಹಳೆಯ ಮನೆ, ಮೇಲೆ ಹತ್ತುವ ದಾರಿಯಲ್ಲಿ ಚಾವಣಿಯಿಲ್ಲದೆ ನಿಂತ ವೆರ್ನರ್ ಪ್ರಾರ್ಥನಾಲಯದ ಕೆಂಪು ಕಲ್ಲಿನ ಕಮಾನುಗಳು. 1689ರಲ್ಲಿ ಫ್ರೆಂಚ್ ಸೈನ್ಯ ಮೇಲಿನ ಶ್ಟಾಲೆಕ್ ಕೋಟೆಯನ್ನು ಸಿಡಿಸಿದಾಗ ಅದರ ಕಲ್ಲುಗಳು ಉರುಳಿಬಂದು ಈ ಪ್ರಾರ್ಥನಾಲಯವನ್ನೂ ಕೆಡವಿದವು. ಕೋಟೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದರು. ಈಗ ಅದು ಯುವಜನರ ತಂಗುದಾಣ.

ನಮ್ಮ ಹೋಟೆಲ್ಲೂ ಅಂಥದೇ ಮರದ ಚೌಕಟ್ಟಿನ ಮನೆ. ಒಂದು ಕುಟುಂಬ ನಡೆಸುವಂಥದ್ದು, ಕೋಣೆಗಳು ಕಡಿಮೆ. ಲಿಫ್ಟ್ ಇಲ್ಲ. ಮೂರನೆಯ ಮಹಡಿಗೆ ಕಿರಿದಾದ ಮರದ ಮೆಟ್ಟಿಲು. ಯಜಮಾನಿಯ ಮಗ ನಮ್ಮ ಪೆಟ್ಟಿಗೆಗಳನ್ನು ಕೇಳುವ ಮೊದಲೇ ಎತ್ತಿಕೊಂಡು ಹೋದ. ಕಿಟಕಿ ತೆರೆದರೆ ಎದುರಿಗೇ ರೈನ್. ಕಲ್ಲಿದ್ದಲೋ ಮರಳೋ ತುಂಬಿದ ಉದ್ದನೆಯ ದೋಣಿಗಳು ಪ್ರವಾಹಕ್ಕೆ ಎದುರಾಗಿ ನಿಧಾನವಾಗಿ ಸಾಗುತ್ತಿದ್ದವು. ಹಾಸಿಗೆಯ ಪಕ್ಕದ ಬಟ್ಟಲಿನಲ್ಲಿ, ಚಾಕಲೇಟಿನ ಜೊತೆಗೆ, ಕಿವಿಗೆ ತುಂಬಿಕೊಳ್ಳುವ ಮೆತ್ತನೆಯ ಬಿರಟೆಗಳನ್ನು ಇಟ್ಟಿದ್ದರು.

ಅವು ಏಕೆಂಬುದು ರಾತ್ರಿ ತಿಳಿಯಿತು. ನದಿಗೂ ನಮ್ಮ ಮನೆಗೂ ನಡುವೆ ರೈಲು ಹಳಿ. ಗಾಡಿ ಹೋದಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಈ ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಜರ್ಮನಿ ಒಂದು ಕಾನೂನು ಮಾಡಿತು. ಎರಕದ ಕಬ್ಬಿಣದ ಬ್ರೇಕ್ ಕಟ್ಟೆಯಿರುವ ಸದ್ದಿನ ಗೂಡ್ಸ್ ಡಬ್ಬಿಗಳನ್ನು 2020ರ ಡಿಸೆಂಬರ್‌ನಿಂದ ಹಳಿಯ ಮೇಲೆ ಬಿಡುವುದಿಲ್ಲ. ಕಬ್ಬಿಣ ಚಕ್ರದ ಮೈಯನ್ನು ತರಿದು ಒರಟು ಮಾಡುತ್ತದೆ, ಒರಟಾದ ಚಕ್ರ ಹಳಿಯ ಮೇಲೆ ಉರುಳುವಾಗಲೆಲ್ಲ ಅಬ್ಬರಿಸುತ್ತದೆ. ಹೊಸ ಬ್ರೇಕ್ ಕಟ್ಟೆಗಳು ಬೇರೆ ವಸ್ತುವಿನವು, ಚಕ್ರವನ್ನು ನುಣುಪಾಗಿ ಉಳಿಸುತ್ತವೆ. ಅದರಿಂದ ಸದ್ದು ತಗ್ಗಿದೆ, ಇಲ್ಲವಾಗಿಲ್ಲ. ನನ್ನ ಹೆಂಡತಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಹಾಸಿಗೆಯ ನಡುಭಾಗ ಕುಸಿದಿತ್ತು. ಬಚ್ಚಲಿನಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಕೆಟ್ಟಿತ್ತು, ಸ್ನಾನವಾದ ಮೇಲೆ ಆವಿ ಕೋಣೆಯೊಳಗೇ ನಿಲ್ಲುತ್ತಿತ್ತು.

ಬೆಳಿಗ್ಗೆ ತಿಂಡಿಗೆ ಇಳಿದಾಗ ಎಲ್ಲವೂ ಬೇರೆಯಾಗಿ ಕಂಡಿತು. ಬಿಸಿಬಿಸಿ ಬ್ರ್ಯೋಟ್‌ಶೆನ್, ಅಂದರೆ ಮುಷ್ಟಿಯಷ್ಟು ದೊಡ್ಡ ಗರಿಗರಿ ಬನ್ನು, ಮನೆಯಲ್ಲೇ ಮಾಡಿದ ಪ್ಲಮ್ ಹಣ್ಣಿನ ಜಾಮ್, ಜೇನು, ಕ್ವಾರ್ಕ್ ಎಂಬ ಗಟ್ಟಿ ಮೊಸರಿನಂಥ ಗಿಣ್ಣು. ಮೇಜಿನ ಅರ್ಧ ಭಾಗ ಮಾಂಸದ ಹೋಳುಗಳದ್ದೇ. ಯಜಮಾನಿ ನಮ್ಮ ತಟ್ಟೆಗಳನ್ನು ನೋಡಿ ವಿಷಯ ಅರ್ಥ ಮಾಡಿಕೊಂಡರು. ಮರುದಿನದಿಂದ ಸೌತೆಕಾಯಿ, ಟೊಮೆಟೊ, ಬೇರೆಯಾಗಿ ಇಟ್ಟ ಗಿಣ್ಣು ನಮಗಾಗಿಯೇ ಬಂತು. ಹಾಸಿಗೆ, ಫ್ಯಾನ್, ಸದ್ದು ಮೂರನ್ನೂ ಆ ಬೆಳಿಗ್ಗೆಯೇ ಅವರಿಗೆ ಹೇಳಿದೆವು. ಹಾಸಿಗೆಯ ಮೇಲೆ ದಪ್ಪನೆಯ ಹೊಸ ಮೆತ್ತೆ ಮಧ್ಯಾಹ್ನದೊಳಗೆ ಬಂತು. ಹಿಂಬದಿಯ ಕೋಣೆಯೊಂದು ಖಾಲಿಯಾದ ಕೂಡಲೇ ಅಲ್ಲಿಗೆ ಹೋಗಬಹುದೆಂದರು, ಹೋದೆವು. ದ್ರಾಕ್ಷಿ ತೋಟದ ಕಡೆಗಿದ್ದ ಆ ಕೋಣೆಯಲ್ಲಿ ಒಳ್ಳೆಯ ನಿದ್ದೆ ಬಂತು. ಫ್ಯಾನ್ ಮಾತ್ರ ನಾವು ಹೊರಡುವವರೆಗೂ ರಿಪೇರಿಯಾಗಲಿಲ್ಲ. ಮೆಕ್ಯಾನಿಕ್ ಬರುತ್ತಾನೆಂದು ಹೇಳಿದರು, ಬರಲಿಲ್ಲ.

ಹೊರಡುವ ದಿನ ಯಜಮಾನಿ ಕೇಳಿದ್ದು ಒಂದೇ: ಅಭಿಪ್ರಾಯ ಬರೆಯಿರಿ, ಸಾಧ್ಯವಾದರೆ ಜರ್ಮನ್‌ನಲ್ಲಿ, ನಮ್ಮ ಅತಿಥಿಗಳಲ್ಲಿ ಹೆಚ್ಚಿನವರು ಓದುವುದು ಜರ್ಮನ್ನೇ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತ ಜರ್ಮನ್ ನನಗಿತ್ತು. ಒಪ್ಪಿಕೊಂಡೆ. ಇಂಥ ಚಿಕ್ಕ ಮನೆಗೆ ಬರುವ ಅಪರಿಚಿತರು ನಂಬುವುದು ಹಿಂದಿನ ಅತಿಥಿಯ ಮಾತನ್ನೇ. ಆ ಮಾತು ಸಿಹಿಯಾಗಿಯಷ್ಟೇ ಇದ್ದರೆ ಮುಂದಿನವರು ನಿದ್ದೆಗೆಡುತ್ತಾರೆ, ಕಹಿಯಾಗಿಯಷ್ಟೇ ಇದ್ದರೆ ಈ ಮನೆಯ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ.

ಮೈಂಜ್‌ನಲ್ಲಿ ಅಣ್ಣನ ಮಗಳಿದ್ದಾಳೆ. ಎಷ್ಟೋ ವರ್ಷದಿಂದ ಅಲ್ಲಿ ಕೆಲಸ, ಜರ್ಮನ್ ಅವಳಿಗೆ ಮನೆಮಾತಿನಷ್ಟೇ ಸಲೀಸು. ಅವಳ ಅಡುಗೆಮನೆಯ ಮೇಜಿನ ಮೇಲೆ, ಅವಳು ಮಾಡಿದ ಉಪ್ಪಿಟ್ಟು ತಿನ್ನುತ್ತ, ಆ ಬರವಣಿಗೆಗೆ ಕೂತೆವು.

“ಚಿಕ್ಕಪ್ಪ, ಮೊದಲು ಕನ್ನಡದಲ್ಲೇ ಹೇಳಿ. ಒಟ್ಟಿನಲ್ಲಿ ನಿಮಗೆ ಏನನ್ನಿಸಿತು?”

“ಚೆನ್ನಾಗಿತ್ತು. ಆದರೆ ಆ ನದಿಯ ಕಡೆಯ ಕೋಣೆ ಸರಿಯಿರಲಿಲ್ಲ.”

“ಚಿಕ್ಕಮ್ಮ, ನೀವು?”

“ನದಿಯ ಕಡೆಯ ಕೋಣೆ ಸರಿಯಿರಲಿಲ್ಲ. ಆದರೆ ಆ ಹೆಂಗಸು ಬಹಳ ಒಳ್ಳೆಯವರು” ಎಂದಳು ನನ್ನ ಹೆಂಡತಿ.

ನಾವಿಬ್ಬರೂ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ, ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ‘ಆದರೆ’ಯ ನಂತರದ್ದು. ಜರ್ಮನ್‌ನಲ್ಲಿ ಇದಕ್ಕೊಂದು ಸಿದ್ಧ ಕಟ್ಟಣೆಯೇ ಇದೆ: ‘ಟ್ಸ್ವಾರ್... ಆಬರ್’. ‘ಟ್ಸ್ವಾರ್’ ಬಂದ ಕೂಡಲೇ ಓದುಗನಿಗೆ ಮುಂದೆ ‘ಆಬರ್’ ಬರುತ್ತದೆ, ತೂಕ ಅಲ್ಲಿದೆ ಎಂಬುದು ಗೊತ್ತಾಗುತ್ತದೆ. ‘ಡಾಸ್ ಟ್ಸಿಮ್ಮರ್ ವಾರ್ ಟ್ಸ್ವಾರ್ ಕ್ಲೈನ್, ಆಬರ್ ಸೌಬರ್’ ಎಂದರೆ ಕೋಣೆ ಚಿಕ್ಕದಾದರೂ ಶುಚಿಯಾಗಿತ್ತು, ಇದು ಹೊಗಳಿಕೆ. ‘ಟ್ಸ್ವಾರ್ ಸೌಬರ್, ಆಬರ್ ಕ್ಲೈನ್’ ಎಂದು ತಿರುಗಿಸಿದರೆ ಶುಚಿಯೇನೋ ಇತ್ತು, ಚಿಕ್ಕದಾಯಿತು, ಇದು ದೂರು. ಎರಡು ವಿಶೇಷಣಗಳೂ ಅವೇ, ಜಾಗ ಮಾತ್ರ ಅದಲುಬದಲು. ಮಿಶ್ರ ಅನುಭವದ ವಿಮರ್ಶೆಯಲ್ಲಿ ಇಂಥ ಒಂದೊಂದು ವಾಕ್ಯಕ್ಕೂ ಯಾವುದನ್ನು ಮೊದಲಿಡಬೇಕು, ಯಾವುದನ್ನು ಕೊನೆಗಿಡಬೇಕೆಂದು ನಿರ್ಧರಿಸಬೇಕು. ಒಪ್ಪಿಕೊಳ್ಳಬಹುದಾದ ಕೊರತೆ ‘ಟ್ಸ್ವಾರ್’ ಕಡೆಗೆ, ಮುಂದಿನವರಿಗೆ ನಿಜವಾಗಿ ತಟ್ಟುವಂಥದ್ದು ‘ಆಬರ್’ ಕಡೆಗೆ. ಲಿಫ್ಟ್ ಇಲ್ಲದ್ದನ್ನು ಮೊದಲ ಪಕ್ಕಕ್ಕಿಟ್ಟೆವು: ಮೆಟ್ಟಿಲು ಕಡಿದಾಗಿದ್ದರೂ ಸಾಮಾನು ಹೊತ್ತುಕೊಟ್ಟರು. ರೈಲಿನ ಸದ್ದನ್ನು ಕೊನೆಯ ಪಕ್ಕಕ್ಕಿಟ್ಟೆವು: ಕಿಟಕಿಗೆ ಜೋಡಿ ಗಾಜಿದ್ದರೂ ರಾತ್ರಿಯ ಗಾಡಿಗಳು ಸ್ಪಷ್ಟವಾಗಿ ಕೇಳುತ್ತವೆ.

ವಿಶೇಷಣಗಳನ್ನು ಆರಿಸುವುದು ಇನ್ನೂ ನಾಜೂಕಿನ ಕೆಲಸ. ನಮ್ಮಲ್ಲಿ ‘ಪರವಾಗಿಲ್ಲ’ ಎಂದರೆ ಹೇಳುವ ಧ್ವನಿಯ ಮೇಲೆ ಅದು ಮೆಚ್ಚುಗೆಯೂ ಆದೀತು, ಬೇಸರವೂ ಆದೀತು. ಕಾಗದದ ಮೇಲೆ ಧ್ವನಿಯಿಲ್ಲ. ಜರ್ಮನ್‌ನಲ್ಲಿ ‘ನೆಟ್’ ಎಂದರೆ ಒಳ್ಳೆಯವರು, ಆದರೆ ‘ಗಾಂಟ್ಸ್ ನೆಟ್’ ಎಂದು ಸೇರಿಸಿದರೆ ಸಾಮಾನ್ಯವಾಗಿ ಮೆಚ್ಚುಗೆ ಹೆಚ್ಚುವುದಿಲ್ಲ, ತಗ್ಗುತ್ತದೆ. ನಮ್ಮ ಯಜಮಾನಿಗೆ ಅದು ಸಲ್ಲದು. ‘ಫ್ರೊಯಿಂಟ್‌ಲಿಶ್’ ಎಂದರೆ ಸ್ನೇಹದಿಂದ ನಡೆದುಕೊಂಡರು ಎಂದಷ್ಟೇ. ಕೇಳುವ ಮೊದಲೇ ಬೇಕಾದದ್ದನ್ನು ತಿಳಿದು ಮಾಡುವವರಿಗೆ ‘ಟ್ಸುಫೋರ್‌ಕೊಮ್ಮೆಂಡ್’ ಎನ್ನುತ್ತಾರೆ. ಪೆಟ್ಟಿಗೆ ಹೊತ್ತ ಹುಡುಗ, ತಟ್ಟೆ ನೋಡಿ ಗಿಣ್ಣು ಬೇರೆಯಿಟ್ಟ ತಾಯಿ, ಇಬ್ಬರಿಗೂ ಒಪ್ಪುವ ಮಾತು ಅದು.

ಇನ್ನೊಂದು ಮಾತಿನ ಬಗ್ಗೆ ಅಣ್ಣನ ಮಗಳು ಬಹಳ ಎಚ್ಚರಿಕೆ ಹೇಳಿದಳು. ‘ಬೆಮ್ಯೂಟ್’, ಅಂದರೆ ಪ್ರಯತ್ನಪಟ್ಟರು. ನೋಡಿದರೆ ಒಳ್ಳೆಯ ಮಾತೇ. ಆದರೆ ಜರ್ಮನಿಯಲ್ಲಿ ಕೆಲಸ ಬಿಡುವಾಗ ಕೊಡುವ ಪ್ರಮಾಣಪತ್ರ ಸತ್ಯವೂ ಆಗಿರಬೇಕು, ನೌಕರನ ಹಿತ ಬಯಸುವಂಥದ್ದೂ ಆಗಿರಬೇಕು ಎಂದು ಅಲ್ಲಿನ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಬೈಯಲಾಗದ ಕಡೆ ಮಾಲೀಕರು ಮೆಲುವಾದ ಮಾತಿನಲ್ಲಿ ಕೆಟ್ಟ ಅಂಕ ಕೊಡುವುದನ್ನು ರೂಢಿ ಮಾಡಿಕೊಂಡರು. ‘ಅವನು ಸದಾ ಪ್ರಯತ್ನಿಸಿದ’ ಎಂದು ಬರೆದರೆ ಓದುವವರು ‘ಪ್ರಯತ್ನಿಸಿದ, ಆಗಲಿಲ್ಲ’ ಎಂದು ಓದಿಕೊಳ್ಳುತ್ತಾರೆ. ಆ ಓದು ಹೋಟೆಲ್ಲಿನ ಅಭಿಪ್ರಾಯಕ್ಕೂ ಬಂದಿದೆ. “ಸಿಬ್ಬಂದಿ ಬೆಮ್ಯೂಟ್ ಅಂತ ಬರೆದರೆ ಆಕೆಗೆ ನೋವಾಗುತ್ತೆ ಚಿಕ್ಕಪ್ಪ. ಏನು ಮಾಡಿದರು ಅನ್ನೋದನ್ನ ಬರೆಯಿರಿ” ಎಂದಳು. ಹಾಗೆಯೇ ಬರೆದೆವು: ತಿಳಿಸಿದ ದಿನವೇ ಹೊಸ ಮೆತ್ತೆ ಕೊಟ್ಟರು, ಕೋಣೆ ಖಾಲಿಯಾದ ಕೂಡಲೇ ಬದಲಿಸಿಕೊಟ್ಟರು.

ವ್ಯಾಕರಣದ ಒಂದು ಸಂಗತಿ ಕಲಿಯುವವರಿಗೆ ಉಪಯೋಗಕ್ಕೆ ಬಂದೀತು. ಜರ್ಮನ್ ವಿಶೇಷಣ ನಾಮಪದದ ಮುಂದೆ ಕೂತರೆ ಲಿಂಗ, ವಿಭಕ್ತಿಗೆ ತಕ್ಕಂತೆ ಬಾಲ ಬದಲಿಸುತ್ತದೆ: ‘ಐನ್ ರೈಶ್‌ಹಾಲ್ಟಿಗೆಸ್ ಫ್ರ್ಯೂಷ್ಟ್ಯುಕ್’, ಬಗೆಬಗೆಯ ತಿಂಡಿ. ಕ್ರಿಯಾಪದದ ಆಚೆ ಕೂತರೆ ಬಾಲವೇ ಬೇಕಿಲ್ಲ: ‘ಡಾಸ್ ಫ್ರ್ಯೂಷ್ಟ್ಯುಕ್ ವಾರ್ ರೈಶ್‌ಹಾಲ್ಟಿಗ್’, ತಿಂಡಿ ಬಗೆಬಗೆಯದಾಗಿತ್ತು. ಅರ್ಧ ಕಲಿತವರೂ ಈ ಎರಡನೆಯ ದಾರಿ ಹಿಡಿದರೆ ಇಡೀ ವಿಮರ್ಶೆಯನ್ನು ತಪ್ಪಿಲ್ಲದೆ ಬರೆಯಬಹುದು. ಆದರೆ ಎಲ್ಲ ವಾಕ್ಯವೂ ‘ವಾರ್’ನಲ್ಲೇ ನಡೆದರೆ ಓದು ಕುಂಟುತ್ತದೆ. ಹಾಗಾಗಿ ಮುಖ್ಯವಾದ ಒಂದೆರಡು ಕಡೆ ಬಾಲ ಸೇರಿಸಿ ಮೊದಲ ದಾರಿಯಲ್ಲಿ ಹೋದೆವು.

ದೂರಿನ ಭಾಗ ಬಂದಾಗ ನಮ್ಮಲ್ಲಿ ಚರ್ಚೆ ಹೆಚ್ಚಾಯಿತು. ಕುಸಿದ ಹಾಸಿಗೆಗೆ ಜರ್ಮನ್‌ನಲ್ಲಿ ನೇರ ಮಾತಿದೆ, ‘ದುರ್ಶ್‌ಗೆಲೇಗೆನ್’, ಮಲಗಿ ಮಲಗಿ ಹಳ್ಳ ಬಿದ್ದದ್ದು. ಅದಕ್ಕೆ ‘ಲೈಡರ್’, ‘ಎಟ್ವಾಸ್’ ಎಂಬ ಎರಡು ಚಿಕ್ಕ ಮಾತು ಸೇರಿಸಿದರೆ ಪೆಟ್ಟು ಮೆತ್ತಗಾಗುತ್ತದೆ: ದುರದೃಷ್ಟವಶಾತ್ ಸ್ವಲ್ಪ ಕುಸಿದಿತ್ತು. ಆದರೆ ನನ್ನ ಹೆಂಡತಿ ಒಪ್ಪಲಿಲ್ಲ. ಕುಸಿದದ್ದು ಸ್ವಲ್ಪವಲ್ಲ, ಅವಳ ಸೊಂಟಕ್ಕೆ ಗೊತ್ತು. ವಿನಯಕ್ಕಾಗಿ ಸುಳ್ಳು ಬರೆಯಬಾರದೆಂಬ ಅವಳ ವಾದ ಸರಿಯಾದದ್ದು. ‘ಲೈಡರ್’ ಉಳಿಯಿತು, ‘ಎಟ್ವಾಸ್’ ಹೋಯಿತು. ಮೊದಲನೆಯದು ಬರೆಯುವವನ ಮನಸ್ಸಿನ ಮಾತು, ಅದನ್ನು ಎಷ್ಟು ಬೇಕಾದರೂ ಮೃದುವಾಗಿಸಬಹುದು. ಎರಡನೆಯದು ಅಳತೆ. ಅಳತೆಯನ್ನು ತಿದ್ದುವ ಹಕ್ಕು ವಿನಯಕ್ಕಿಲ್ಲ.

ಫ್ಯಾನಿನ ವಿಷಯಕ್ಕೆ ಬೇರೆ ರೂಪ ಬೇಕಾಯಿತು. ‘ಫ್ಯಾನ್ ರಿಪೇರಿ ಮಾಡಲಿಲ್ಲ’ ಎಂದರೆ ಆರೋಪ. ಜರ್ಮನ್‌ನ ಸಂಭಾವನಾ ರೂಪದಲ್ಲಿ, ‘ವಿಯರ್ ಹೆಟ್ಟೆನ್ ಉನ್ಸ್ ಗೆವ್ಯುನ್ಶ್ಟ್, ದಾಸ್...’ ಎಂದು ಶುರುಮಾಡಿದರೆ ‘ಹೀಗಾಗಿದ್ದರೆ ಚೆನ್ನಾಗಿತ್ತು’ ಎಂಬ ಧಾಟಿ ಬರುತ್ತದೆ: ನಾವು ತಿಳಿಸಿದ ಮೇಲೆ ಬಚ್ಚಲಿನ ಫ್ಯಾನ್ ನಾವಿರುವಾಗಲೇ ದುರಸ್ತಿಯಾಗಿದ್ದರೆ ಚೆನ್ನಾಗಿತ್ತು. ಕೆಟ್ಟಿತ್ತು, ತಿಳಿಸಿದ್ದೆವು, ಆಗಲಿಲ್ಲ ಎಂಬ ಮೂರೂ ಸತ್ಯ ಅದರಲ್ಲಿವೆ. ಬೆರಳು ತೋರಿಸುವುದು ಮಾತ್ರ ಇಲ್ಲ.

ತಿಳಿಸಿದ್ದೆವು ಎಂಬುದನ್ನು ಬರೆಯಲೇಬೇಕೆಂದು ಅಣ್ಣನ ಮಗಳು ಹಟ ಹಿಡಿದಳು. ಜರ್ಮನಿಯಲ್ಲಿ ದೂರನ್ನು ಓದುವವರು ಮೊದಲು ನೋಡುವುದೇ ಅದು: ಆ ಹೊತ್ತಿಗೆ ಮಾಲೀಕರಿಗೆ ಹೇಳಿದ್ದರೋ ಇಲ್ಲವೋ. ಬಾಡಿಗೆಗೆ ಪಡೆದ ಜಾಗದಲ್ಲಿ ಕೊರತೆ ಕಂಡರೆ ತಡಮಾಡದೆ ಕೊಟ್ಟವರಿಗೆ ತಿಳಿಸಬೇಕೆಂದು ಅವರ ನಾಗರಿಕ ಕಾನೂನೇ ಹೇಳುತ್ತದೆ. ಸರಿಪಡಿಸುವ ಅವಕಾಶ ಕೊಡದೆ ಮನೆಗೆ ಹೋಗಿ ಬೈದವರ ಮಾತಿಗೆ ಅಲ್ಲಿ ಬೆಲೆ ಕಡಿಮೆ.

ಕಾನೂನಿನ ಇನ್ನೊಂದು ಗೆರೆಯೂ ಇದೆ. ‘ಕೋಣೆ ಹಿತವಾಗಿರಲಿಲ್ಲ’ ಎಂಬುದು ಅಭಿಪ್ರಾಯ, ಅದಕ್ಕೆ ಜರ್ಮನಿಯ ಸಂವಿಧಾನದ 5ನೆಯ ವಿಧಿಯ ರಕ್ಷಣೆ ದೊಡ್ಡದು. ‘ಫ್ಯಾನ್ ಕೆಟ್ಟಿತ್ತು’ ಎಂಬುದು ಸಂಗತಿ. ಅದು ನಿಜವಿರಬೇಕು, ಸುಳ್ಳಾದರೆ ಹೋಟೆಲ್ಲಿನವರು ತೆಗೆಸಬಹುದು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಇಂಥದೇ ಒಂದು ಮೊಕದ್ದಮೆಯಲ್ಲಿ ಹೇಳಿದ್ದು ಗಮನಿಸಬೇಕಾದದ್ದು: ‘ಈ ವಿಮರ್ಶೆ ಬರೆದವರು ನಮ್ಮಲ್ಲಿ ತಂಗಿಯೇ ಇಲ್ಲ’ ಎಂದು ಹೋಟೆಲ್ಲಿನವರು ಆಕ್ಷೇಪಿಸಿದರೆ, ಸಾಮಾನ್ಯವಾಗಿ ಅಷ್ಟು ಸಾಕು, ಪ್ರಕಟಿಸಿದವರು ಪರಿಶೀಲನೆ ನಡೆಸಬೇಕು. ಆದ್ದರಿಂದ ಯಾವ ತಿಂಗಳು, ಎಷ್ಟನೆಯ ಮಹಡಿ, ಯಾವ ಕಡೆಯ ಕೋಣೆ ಎಂದು ಬರೆದ ಅತಿಥಿಯ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ನಾವು ‘ಸೆಪ್ಟೆಂಬರ್, ಮೂರನೆಯ ಮಹಡಿ, ಮೊದಲು ನದಿಯ ಕಡೆ, ಆಮೇಲೆ ತೋಟದ ಕಡೆ’ ಎಂದು ಮೊದಲ ಸಾಲಿನಲ್ಲೇ ಹಾಕಿದೆವು.

ರೈಲಿನ ಸದ್ದನ್ನು ಎಲ್ಲಿಡಬೇಕೆಂಬುದು ಕೊನೆಯವರೆಗೂ ಉಳಿದ ಪ್ರಶ್ನೆ. ನಮ್ಮ ನಿದ್ದೆ ಕೆಡಿಸಿದ್ದು ಎಲ್ಲಕ್ಕಿಂತ ಹೆಚ್ಚಾಗಿ ಅದೇ. ಆದರೆ ಹಳಿ ಯಜಮಾನಿಯದ್ದಲ್ಲ. ಆಕೆಯ ಕೈಲಿದ್ದದ್ದು ಗಾಜು, ಬಿರಟೆ, ಹಿಂಬದಿಯ ಕೋಣೆ. ಮೂರನ್ನೂ ಆಕೆ ಕೊಟ್ಟಿದ್ದರು. ಹಾಸಿಗೆಯೂ ಫ್ಯಾನೂ ಮಾತ್ರ ಆಕೆಯ ಲೆಕ್ಕಕ್ಕೆ ಸೇರಿದ ಕೊರತೆಗಳು. ಹೀಗಾಗಿ ಸದ್ದಿನ ಮಾತನ್ನು ದೂರಿನ ಭಾಗದಿಂದ ತೆಗೆದು ಜಾಗದ ವರ್ಣನೆಗೆ ಸೇರಿಸಿದೆವು. ನದಿಯ ನೋಟ ಅತ್ಯುತ್ತಮ, ‘ಹೆರ್‌ಫೋರ್‌ರಾಗೆಂಡ್’. ಅದೇ ಕಡೆ ರೈಲು ಹಳಿಯಿದೆ, ರಾತ್ರಿಯೂ ಗಾಡಿಗಳು ಓಡುತ್ತವೆ. ಹೀಗೆ ಬರೆದಾಗ ಸತ್ಯ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ, ಹೊರೆ ಮಾತ್ರ ಆಕೆಯ ತಲೆಯಿಂದ ಇಳಿಯಿತು.

ಕೊನೆಯ ಭಾಗಕ್ಕೆ ಜರ್ಮನ್ನರು ‘ಫಾಟ್ಸಿಟ್’ ಎನ್ನುತ್ತಾರೆ, ತೀರ್ಮಾನ. ಅವಸರದಲ್ಲಿ ಓದುವವರು ಅದೊಂದನ್ನೇ ಓದುತ್ತಾರೆ. ‘ಎಂಪ್‌ಫೇಲೆನ್ಸ್‌ವೇರ್ಟ್’, ಶಿಫಾರಸಿಗೆ ಯೋಗ್ಯ, ಎಂದಷ್ಟೇ ಬರೆದರೆ ನಿದ್ದೆ ಸೂಕ್ಷ್ಮವಾದವರಿಗೆ ಮೋಸ ಮಾಡಿದಂತಾಗುತ್ತದೆ. ‘ಮಿಟ್ ಕ್ಲೈನೆನ್ ಆಪ್‌ಶ್ಟ್ರಿಶೆನ್’ ಎಂಬ ಮಾತು ಅಲ್ಲಿ ರೂಢಿಯಲ್ಲಿದೆ, ಸಣ್ಣ ಕಡಿತದೊಂದಿಗೆ ಎಂದರ್ಥ. ಆದರೆ ಅದನ್ನು ಹಾಕಿದರೂ ಓದುಗನಿಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಯಾರು ಬರಬೇಕು, ಯಾರು ಬೇಡ, ಬಂದವರು ಏನು ಕೇಳಬೇಕು ಎಂದು ಹೇಳಿದರೆ ಮಾತ್ರ ಶಿಫಾರಸು ಸ್ಪಷ್ಟವಾಗುತ್ತದೆ. ನಾವು ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ಸೆಪ್ಟೆಂಬರ್‌ನಲ್ಲಿ ಈ ಕುಟುಂಬದ ಹೋಟೆಲ್ಲಿನ ಮೂರನೆಯ ಮಹಡಿಯಲ್ಲಿ ತಂಗಿದ್ದೆವು, ಮೊದಲು ನದಿಯ ಕಡೆ, ಆಮೇಲೆ ದ್ರಾಕ್ಷಿ ತೋಟದ ಕಡೆ. ಯಜಮಾನಿಯೂ ಅವರ ಮಗನೂ ಬಹಳ ಮುತುವರ್ಜಿಯಿಂದ ನೋಡಿಕೊಂಡರು. ಬೆಳಗಿನ ತಿಂಡಿ ಬಗೆಬಗೆಯದು, ರುಚಿಯಾದದ್ದು. ಸಸ್ಯಾಹಾರಿಗಳಾದ ನಮಗೆ ಕೇಳದೆಯೇ ಬೇರೆ ಏರ್ಪಾಡು ಮಾಡಿದರು. ಲಿಫ್ಟ್ ಇಲ್ಲದಿದ್ದರೂ ಸಾಮಾನು ಹೊತ್ತುಕೊಡುತ್ತಾರೆ. ನದಿಯ ನೋಟ ಅತ್ಯುತ್ತಮ. ಅದೇ ಬದಿಯಲ್ಲಿ ರೈಲು ಹಳಿಯಿದೆ, ಜೋಡಿ ಗಾಜಿದ್ದರೂ ರಾತ್ರಿ ಗಾಡಿಗಳು ಸ್ಪಷ್ಟವಾಗಿ ಕೇಳುತ್ತವೆ. ಮೊದಲ ಕೋಣೆಯ ಹಾಸಿಗೆ ದುರದೃಷ್ಟವಶಾತ್ ಕುಸಿದಿತ್ತು. ತಿಳಿಸಿದ ದಿನವೇ ಮೆತ್ತೆ ಕೊಟ್ಟರು, ಆಮೇಲೆ ಕೋಣೆಯನ್ನೂ ಬದಲಿಸಿಕೊಟ್ಟರು. ಬಚ್ಚಲಿನ ಫ್ಯಾನ್ ನಾವಿರುವಾಗಲೇ ದುರಸ್ತಿಯಾಗಿದ್ದರೆ ಚೆನ್ನಾಗಿತ್ತು. ತೀರ್ಮಾನ: ತೋಟದ ಕಡೆಯ ಕೋಣೆಗೆ ನಮ್ಮ ಪೂರ್ಣ ಶಿಫಾರಸು. ನದಿಯ ಕಡೆಯದು ಗಾಢ ನಿದ್ದೆಯವರಿಗೆ ಮಾತ್ರ. ಮೆಟ್ಟಿಲು ಹತ್ತಲಾಗದವರು ಬೇರೆ ಹೋಟೆಲ್ ನೋಡುವುದು ಒಳ್ಳೆಯದು.”

ಕೆಲವು ದಿನಗಳ ಮೇಲೆ ಯಜಮಾನಿಯ ಉತ್ತರ ಬಂತು. ಹೊಗಳಿಕೆಗೆ ಥ್ಯಾಂಕ್ಸ್ ಹೇಳಿದ್ದು ಒಂದೇ ಸಾಲು. ಹಾಸಿಗೆಗಳನ್ನು ಚಳಿಗಾಲದಲ್ಲಿ ಬದಲಿಸುವುದಾಗಿಯೂ ಫ್ಯಾನ್ ಈಗ ಸರಿಯಾಗಿರುವುದಾಗಿಯೂ ಬರೆದಿದ್ದರು.

ಬಾಖಾರಾಖ್‌ಗೆ ಹೋಗುವ ಕನ್ನಡಿಗರು ಹಗಲೆಲ್ಲ ರೈನ್ ದಡದಲ್ಲಿ ಕಳೆಯಿರಿ, ಸಂಜೆ ಅಲ್ಲಿನ ರೀಸ್ಲಿಂಗ್ ದ್ರಾಕ್ಷಿಯ ರಸವನ್ನೋ ವೈನನ್ನೋ ಕುಡಿಯಿರಿ. ಕೋಣೆ ಕಾದಿರಿಸುವಾಗ ಮಾತ್ರ ನದಿಯ ಕಡೆಯದಲ್ಲ, ಬೆಟ್ಟದ ಕಡೆಯದು ಬೇಕೆಂದು ಮೊದಲೇ ಬರೆದು ಕೇಳಿ. ಬಂದ ಮೇಲೆ ಇಬ್ಬರು ಮನುಷ್ಯರಿಗೆ, ಮುಂದೆ ಬರುವ ಅತಿಥಿಗೂ ಆ ಮನೆಯ ಯಜಮಾನರಿಗೂ, ನೀವು ಕಂಡದ್ದನ್ನು ಕಂಡ ಹಾಗೆ ಬರೆದು ತಿಳಿಸಿ.